ನೂರರ ಮೇಲಿನ ಹತ್ತು

ಶಂಕರನಾರಾಯಣರಿಗೆ ಏನನ್ನು ಕಂಡರೂ ಅದರ ರೇಟು ಕಾಣುತ್ತಿತ್ತು. ರೇಟು ಅಂದರೆ ಅಂಗಡಿಯ ಬೆಲೆಯಲ್ಲ ಸ್ವಾಮಿ, ಪಂದ್ಯದ ರೇಟು. ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಕೂತು ಎರಡು ದೋಣಿ ನೋಡಿದರೆ ಸಾಕು, ಹಸಿರು ದೋಣಿಗೆ ಒಂದಕ್ಕೆ ಎರಡು, ನೀಲಿಗೆ ಎರಡು ಹಾಕಿದರೆ ಒಂದು ಎಂದು ಮನಸ್ಸು ತನ್ನಷ್ಟಕ್ಕೆ ಬರೆದುಕೊಳ್ಳುತ್ತಿತ್ತು. ಮೋಡಕ್ಕೂ ರೇಟು, ಬಲೆಯ ಮೇಲೆ ಕೂತ ಕೊಕ್ಕರೆಗೂ ರೇಟು. ಎಚ್ಚರವೋ ಕನಸೋ ಅವರಿಗೇ ಗೊತ್ತಾಗದ ಸ್ಥಿತಿ ಅದು. ಬೆಂಗಳೂರು ರೇಸ್ ಕೋರ್ಸಿನಲ್ಲಿ ಲೈಸೆನ್ಸ್ ಇದ್ದ ಬುಕ್ಕಿಯೊಬ್ಬನ ಕಟ್ಟೆಯಲ್ಲಿ ನಿಂತು, ಜೀವಮಾನವಿಡೀ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ರೇಟು ಬರೆದವರಿಗೆ ಮತ್ತೇನು ಕಂಡೀತು, ಹೇಳಿ.

ಆದರೆ ಈ ವಿಷಯ ಅವರು ಬಾಯಿ ಬಿಡುವ ಹಾಗಿರಲಿಲ್ಲ. ಹೆಂಡತಿ ಕಮಲ ತೀರಿಕೊಂಡ ಮೇಲೆ ಮಗಳು ಇಂದುಮತಿ ಅವರನ್ನು ತಿರುವನಂತಪುರಕ್ಕೆ ಕರೆದುಕೊಂಡು ಬಂದಿದ್ದಳು. ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಅವಳು ವಿಜ್ಞಾನಿ. ಕ್ವಾರ್ಟರ್ಸಿಗೆ ಬಂದ ಮೊದಲ ದಿನವೇ ವರಾಂಡದಲ್ಲಿ ಕೂರಿಸಿ, ಕಾಫಿ ಕೈಗೆ ಕೊಟ್ಟು, ಒಂದೇ ಉಸಿರಿಗೆ ಹೇಳಿದ್ದಳು.

"ಅಪ್ಪ, ಇಲ್ಲಿ ಎಲ್ಲರಿಗೂ ನೀವು ಅಕೌಂಟ್ಸ್ ಆಫೀಸಲ್ಲಿ ರಿಟೈರ್ ಆದೋರು ಅಂತ ಹೇಳಿದೀನಿ. ಕುದುರೆ ಅನ್ನೋ ಮಾತೇ ಬೇಡ. ಆ ಸೀಮೆಸುಣ್ಣ ಮತ್ತೆ ಮುಟ್ಟಿದ್ರಿ ಅಂತ ಗೊತ್ತಾದ್ರೆ ನನ್ನ ಮನೇಲಿ ಇರಬೇಡಿ. ನಾನು ಕೋಪದಲ್ಲಿ ಹೇಳ್ತಿಲ್ಲ, ಯೋಚನೆ ಮಾಡೇ ಹೇಳ್ತಿದೀನಿ."

ಅವರು ತಲೆ ಅಲ್ಲಾಡಿಸಿದರು. ಅಲ್ಲಾಡಿಸದೆ ಏನು ಮಾಡುತ್ತಾರೆ? ಸ್ಕೂಲಿನಲ್ಲಿ ಅವಳನ್ನು ಮಕ್ಕಳು 'ಜಾಕಿ, ಜಾಕಿ' ಎಂದು ಕೂಗಿ ಅಳಿಸಿದ್ದು ಅವರಿಗೆ ಗೊತ್ತಿತ್ತು. ಕೈಗೆ ಬಂದ ಎರಡು ಸಂಬಂಧ, ಹುಡುಗಿಯ ತಂದೆ ಏನು ಮಾಡುತ್ತಾರೆ ಎಂಬ ಪ್ರಶ್ನೆಯ ಹೊಸಿಲು ದಾಟದೆ ವಾಪಸು ಹೋದದ್ದೂ ಗೊತ್ತಿತ್ತು. ಮಗಳಿಗೆ ಈಗ ಮೂವತ್ತಾರು ದಾಟಿತ್ತು. ಇದ್ದ ಒಬ್ಬಳೇ ಮಗಳು, ಇದ್ದ ಒಂದೇ ಮನೆ.

ಹಾಗಿದ್ದವರು ತೊಂಬತ್ತೆಂಟರ ಮಳೆಗಾಲದಲ್ಲಿ ಕೊಚ್ಚಿಗೆ ಬಂದು ಮತ್ತೆ ಸೀಮೆಸುಣ್ಣ ಹಿಡಿದರಲ್ಲ, ಅದಕ್ಕೆ ಅಶ್ರಫ್ ಕಾರಣ. ಅಶ್ರಫ್ ಕಾಸರಗೋಡಿನವನು, ಕನ್ನಡ ಶಾಲೆಯಲ್ಲಿ ಓದಿದವನು. ಫೋರ್ಟ್ ಕೊಚ್ಚಿಯಲ್ಲಿ ಮೀನಿಗೆ ಐಸ್ ಒದಗಿಸುವ ವ್ಯಾಪಾರ; ಹಿಂದೆ ರೇಸಿನ ಸೀಸನ್ನಿನಲ್ಲಿ ಬೆಂಗಳೂರಿಗೆ ಬಂದು ಶಂಕರನಾರಾಯಣರ ಕಟ್ಟೆಯ ಎದುರೇ ನಿಲ್ಲುತ್ತಿದ್ದ. ಫುಟ್‌ಬಾಲ್ ವಿಶ್ವಕಪ್ ಬಂದಾಗ ಸಮುದ್ರದ ಬದಿಯ ತನ್ನ ಕ್ಲಬ್ಬಿನ ಕೋಣೆಯಲ್ಲಿ ಗುಟ್ಟಾಗಿ ಪಂದ್ಯ ಕಟ್ಟಿಸಿಕೊಳ್ಳತೊಡಗಿದ್ದ. ಫೋನ್ ಮಾಡಿ, "ಸಾರ್, ರೇಟು ಹಾಕ್ಲಿಕ್ಕೆ ನನಗೆ ಬರುದಿಲ್ಲ, ಒಂದು ತಿಂಗಳು ಬನ್ನಿ ಮಾರಾಯ್ರೆ" ಎಂದ. ಶಂಕರನಾರಾಯಣರು ಆ ರಾತ್ರಿಯೇ ಮಗಳ ಹತ್ತಿರ ಮಂಡಿನೋವಿನ ಮಾತು ತೆಗೆದರು. ಫೋರ್ಟ್ ಕೊಚ್ಚಿಯಲ್ಲಿ ಎಣ್ಣೆ ಚಿಕಿತ್ಸೆಯ ಮನೆಯೊಂದಿದೆಯಂತೆ, ಚೆನ್ನಾಗಿ ಉಜ್ಜುತ್ತಾರಂತೆ ಎಂದರು. ಮಗಳು ಖುಷಿಯಾಗಿ ಹೊಸ ಪಂಚೆ ಕೊಂಡುತಂದು ಚೀಲಕ್ಕೆ ಹಾಕಿದಳು. ಎಂಥಾ ಮುದುಕ ನೋಡಿ!

ಕ್ಲಬ್ಬಿನ ಕೋಣೆ ಅವರಿಗೆ ಸ್ವರ್ಗವಾಗಿತ್ತು. ಕಿಟಕಿಯಾಚೆ ಮರದ ಕಂಬಗಳಿಗೆ ಕಟ್ಟಿದ ದೊಡ್ಡ ಚೀನೀ ಮೀನುಬಲೆಗಳು ನೀರಿಗಿಳಿದು ಏಳುತ್ತಿದ್ದವು. ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು, ಹಡಗಿನ ಕೂಗು ಎಲ್ಲೋ ನೀರಿನ ಅಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಒರಗಿದರೆ ಬೆಳಗು ಯಾವುದು, ಸಂಜೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಗೋಡೆಯ ಮೇಲೊಂದು ಕಪ್ಪು ಬೋರ್ಡು. ಅದೊಂದೇ ಅಲ್ಲಿ ಸ್ಪಷ್ಟವಾಗಿದ್ದ ವಸ್ತು.

ಆ ಭಾನುವಾರ ವಿಶ್ವಕಪ್ಪಿಗೆ ನಾಲ್ಕೇ ತಂಡ ಉಳಿದಿದ್ದವು. ಹಿಂದಿನ ದಿನ ಅರ್ಜೆಂಟೀನಾ ಸೋತು, ಊರಿನ ಅರ್ಧದಷ್ಟು ಧ್ವಜಗಳು ಮಳೆಯಲ್ಲಿ ಜೋತುಬಿದ್ದಿದ್ದವು. ಇನ್ನರ್ಧ ಊರು ಬ್ರೆಜಿಲ್‌ನದು, ಅಶ್ರಫ್ ಅದರ ತಲೆಯಾಳು. ಶಂಕರನಾರಾಯಣರು ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬೋರ್ಡು ಬರೆದರು. ಬ್ರೆಜಿಲ್, ಒಂದಕ್ಕೆ ಒಂದು. ಫ್ರಾನ್ಸ್, ಒಂದಕ್ಕೆ ಮೂರು. ಹಾಲೆಂಡ್, ಅದೂ ಒಂದಕ್ಕೆ ಮೂರು. ಕ್ರೊಯೇಷಿಯಾ, ಒಂದಕ್ಕೆ ಒಂಬತ್ತು.

"ಇದರಲ್ಲಿ ನಮ್ಮ ಲಾಭ ಎಲ್ಲಿ ಉಂಟು ಸಾರ್?" ಅಶ್ರಫ್ ಕೇಳಿದ. "ನನಗೆ ಕಾಣುದಿಲ್ಲ."

"ಕಾಣಬಾರದು ಕಣಯ್ಯಾ, ಕಂಡ್ರೆ ಯಾರು ಹಾಕ್ತಾರೆ? ಗೆದ್ದೋನಿಗೆ ಹಾಕಿದ ದುಡ್ಡೂ ವಾಪಸು ಕೊಡ್ಬೇಕಲ್ಲ, ಅದಕ್ಕೆ ಪ್ರತಿ ರೇಟಿಗೂ ಒಂದು ಕೂಡಿಸು. ಬಂದದ್ದರಿಂದ ನೂರನ್ನ ಭಾಗಿಸು. ಬ್ರೆಜಿಲ್‌ಗೆ ಒಂದು ಮತ್ತೊಂದು ಎರಡು, ನೂರನ್ನ ಎರಡರಿಂದ ಭಾಗಿಸಿದ್ರೆ ಐವತ್ತು. ಫ್ರಾನ್ಸ್‌ಗೆ ಮೂರು ಮತ್ತೊಂದು ನಾಲ್ಕು, ಇಪ್ಪತ್ತೈದು. ಹಾಲೆಂಡೂ ಇಪ್ಪತ್ತೈದು. ಕ್ರೊಯೇಷಿಯಾ ಹತ್ತು. ಒಟ್ಟು?"

"ನೂರಾ ಹತ್ತು."

"ಗೆಲ್ಲೋದು ಒಂದೇ ತಂಡ ತಾನೆ? ಲೋಕದಲ್ಲಿ ಎಲ್ಲರ ಅವಕಾಶ ಕೂಡಿಸಿದ್ರೂ ನೂರಕ್ಕಿಂತ ಹೆಚ್ಚಾಗಲ್ಲ. ನಮ್ಮ ಬೋರ್ಡಲ್ಲಿ ಮಾತ್ರ ನೂರ ಹತ್ತು. ಆ ಮೇಲಿನ ಹತ್ತೇ ನಮ್ಮನ್ನ ಸಾಕೋದು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ರೇಟು ಕೊಟ್ಟು, ಯಾರಿಗೂ ನೋವಾಗದ ಹಾಗೆ ಹಂಚಿಟ್ಟಿದೀನಿ."

"ಹಾಗಾದ್ರೆ ನೂರಕ್ಕೆ ಹತ್ತು ಲಾಭ!"

"ಆತುರ ಪಡಬೇಡ. ನೂರ ಹತ್ತು ಒಳಗೆ ಬಂದ್ರೆ ಹತ್ತು ಉಳಿಯತ್ತೆ. ಅಂದ್ರೆ ನೂರಕ್ಕೆ ಒಂಬತ್ತು ಚಿಲ್ಲರೆ. ಅದೂ ಜನ ಇದೇ ಲೆಕ್ಕದಲ್ಲಿ ನಾಲ್ಕೂ ಕಡೆ ಹಾಕಿದ್ರೆ ಮಾತ್ರ. ಊರೆಲ್ಲಾ ಬ್ರೆಜಿಲ್ ಮೇಲೇ ಬಿದ್ರೆ ಆ ಹತ್ತು ನಮ್ಮನ್ನ ಕಾಯಲ್ಲ. ಆಗ ಬ್ರೆಜಿಲ್ ರೇಟು ಇಳಿಸ್ತಾ, ಉಳಿದದ್ದು ಸ್ವಲ್ಪ ಏರಿಸ್ತಾ ಹೋಗ್ಬೇಕು. ಆದ್ರೆ ಏನೇ ಮಾಡಿದ್ರೂ ಒಟ್ಟು ನೂರರ ಕೆಳಗೆ ಇಳೀಬಾರದು. ತಿಳೀತಾ?"

ತಿಳೀತು ಎಂದು ಅಶ್ರಫ್ ತಲೆಯಾಡಿಸಿದ. ಏನು ತಿಳಿಯಿತೋ ಅವನ ಬ್ರೆಜಿಲ್‌ಗೇ ಗೊತ್ತು. ಶಂಕರನಾರಾಯಣರು ಮೀನುಸಾರಿನ ವಾಸನೆ ದಾಟಿ ಹೋಗಿ, ಕೊಂಕಣಿಯವರ ಹೋಟೆಲಿನಲ್ಲಿ ಊಟ ಮಾಡಿ ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿದರು.

ಕನಸಿನಲ್ಲಿ ನೀರಿನ ಮೇಲೆ ಕುದುರೆಗಳು ಬಂದವು. ಜಾಕಿಗಳಿಲ್ಲದ ನಾಲ್ಕು ಕುದುರೆ, ಗೊರಸು ಒದ್ದೆಯಾಗದ ಹಾಗೆ ಮೆಲ್ಲಗೆ, ಬಲೆಗಳ ನಡುವೆ ನಡೆದುಬಂದವು. ದಡದಲ್ಲಿ ಕಮಲ ನಿಂತಿದ್ದಳು. ಬದುಕಿದ್ದಾಗ ಒಂದು ದಿನವೂ ರೇಸ್ ಕೋರ್ಸಿಗೆ ಕಾಲಿಡದವಳು ಈಗ ಸೆರಗಿನಲ್ಲಿ ಏನನ್ನೋ ಎಣಿಸುತ್ತಿದ್ದಳು. "ರೀ, ಕಡಿಮೆ ಬರ್ತಾ ಇದೆ" ಎಂದಳು. "ಏನು ಕಡಿಮೆ?" ಎಂದರು ಇವರು. "ನನಗೇನು ಗೊತ್ತು, ನಿಮ್ಮ ಲೆಕ್ಕ. ಎಷ್ಟು ಸಲ ಕೂಡಿಸಿದ್ರೂ ಕಡಿಮೇನೇ ಬರ್ತಾ ಇದೆ." ಕುದುರೆಗಳು ತಲೆ ಬಗ್ಗಿಸಿ ನೀರು ಕುಡಿಯತೊಡಗಿದವು. ಶಂಕರನಾರಾಯಣರಿಗೆ ಎಚ್ಚರವಾಯಿತು.

ಕಣ್ಣು ಬಿಟ್ಟರೆ ಎದುರಿಗೆ ಬೋರ್ಡು. ಬ್ರೆಜಿಲ್ ಹಾಗೇ ಇತ್ತು. ಫ್ರಾನ್ಸ್ ಮೂರು ಅಳಿಸಿ ನಾಲ್ಕಾಗಿತ್ತು. ಹಾಲೆಂಡೂ ನಾಲ್ಕು. ಕ್ರೊಯೇಷಿಯಾದ ಮುಂದೆ ದಪ್ಪ ಅಕ್ಷರದಲ್ಲಿ ಹತ್ತೊಂಬತ್ತು.

ಕೂಡಿಸುವುದಕ್ಕೆ ಅವರಿಗೆ ಪ್ರಯತ್ನವೇ ಬೇಕಾಗಲಿಲ್ಲ. ಐವತ್ತು, ಇಪ್ಪತ್ತು, ಇಪ್ಪತ್ತು, ಐದು. ತೊಂಬತ್ತೈದು.

"ಅಶ್ರಫ್! ಯಾರಯ್ಯಾ ಇದನ್ನ ಮುಟ್ಟಿದ್ದು?"

"ನಾನೇ ಸಾರ್." ಅಶ್ರಫ್‌ನ ಮುಖದಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. "ಕ್ರೊಯೇಷಿಯಾಕ್ಕೆ ಬರೀ ಒಂಬತ್ತಾ? ಅವರು ವಿಶ್ವಕಪ್ ಗೆಲ್ಲುವುದುಂಟಾ? ಬ್ರೆಜಿಲ್‌ನ ಎದುರು ಆಡುವ ಹಾಲೆಂಡಿಗೆ ಮೂರಾ? ನನ್ನ ಕೋಣೆಯಲ್ಲಿ ಅಷ್ಟು ಮರ್ಯಾದೆ ಕೊಡ್ಲಿಕ್ಕೆ ಆಗುದಿಲ್ಲ. ಬಂದವರೆಲ್ಲಾ ನಗಾಡಿದ್ರು ಸಾರ್. ಆಗ ಅಳಿಸಿ ಬರೆದೆ, ಎಲ್ಲರೂ ಚಪ್ಪಾಳೆ ಹೊಡೆದ್ರು."

ಕೊಚ್ಚಿಯಲ್ಲದೆ ಇನ್ನೆಲ್ಲಿಯಾದರೂ ಇಂಥ ಬುಕ್ಕಿ ಸಿಕ್ಕಾನೇ? ಎದುರಾಳಿಯನ್ನು ಅವಮಾನ ಮಾಡುವುದಕ್ಕೆಂದು ರೇಟು ಏರಿಸಿ ತನ್ನ ಬುಡವನ್ನೇ ಕಡಿದುಕೊಂಡಿದ್ದ ಪುಣ್ಯಾತ್ಮ. ಶಂಕರನಾರಾಯಣರು ಬೈದರು, ಬೇಡಿಕೊಂಡರು, ತೊಂಬತ್ತೈದು ಎಂದು ಐದಾರು ಸಲ ಹೇಳಿದರು. ಅಶ್ರಫ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡು ಅವನದು, ಕೋಣೆ ಅವನದು. "ಯಾರು ಸಾರ್ ನಾಲ್ಕಕ್ಕೂ ಹಾಕುವ ಹುಚ್ಚ? ಇಲ್ಲಿ ಎಲ್ಲರೂ ಒಂದೇ ತಂಡದವರು" ಎಂದು ನಕ್ಕು ಐಸ್ ಲಾರಿ ನೋಡಲು ಹೋದ.

ಹುಚ್ಚ ಸೋಮವಾರ ಸಂಜೆಯೇ ಸಿಕ್ಕಿದ. ಫೋನ್ ಬಂದಾಗ ಎತ್ತಿದವರು ಶಂಕರನಾರಾಯಣರೇ. ಆ ಕಡೆ ಇದ್ದದ್ದು ವಿನ್ಸೆಂಟ್. ಫೋರ್ಟ್ ಕೊಚ್ಚಿಯವನು, ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಟೆಕ್ನಿಷಿಯನ್. ರಜೆಗೆ ಊರಿಗೆ ಬಂದಿದ್ದವನು ಭಾನುವಾರ ಬೋರ್ಡು ನೋಡಿಕೊಂಡು ಹೋಗಿದ್ದ. "ಸಾರೇ, ನಮ್ಮ ಕ್ಯಾಂಟೀನಿನವರೆಲ್ಲಾ ಸೇರಿ ಹಾಕುತ್ತಿದ್ದೇವೆ, ಬರೆದುಕೊಳ್ಳಿ" ಎಂದು ಮಲಯಾಳದಲ್ಲಿ ಹೇಳಿದ. ಬ್ರೆಜಿಲ್‌ಗೆ ಐವತ್ತು ಪಾಲು, ಫ್ರಾನ್ಸ್‌ಗೆ ಇಪ್ಪತ್ತು, ಹಾಲೆಂಡಿಗೆ ಇಪ್ಪತ್ತು, ಕ್ರೊಯೇಷಿಯಾಕ್ಕೆ ಐದು.

ಶಂಕರನಾರಾಯಣರ ಕೈಯ ಪೆನ್ನು ನಿಂತಿತು. "ಈ ಲೆಕ್ಕ ಹಾಕಿದ್ದು ಯಾರು?"

"ನಮ್ಮ ಇಂದುಮತಿ ಮೇಡಂ. ಕನ್ನಡದವರು. ನಾನು ಸುಮ್ಮನೆ ರೇಟು ಓದಿ ಹೇಳುತ್ತಿದ್ದೆ, ಅವರು ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದವರು ತಿರುಗಿ, ತೊಂಬತ್ತೈದೇ ಆಗುತ್ತದಲ್ಲ, ಎಲ್ಲದರ ಮೇಲೂ ಹಾಕಿ, ಸೋಲುವುದೇ ಇಲ್ಲ ಎಂದುಬಿಟ್ಟರು. ಈಗ ಇಡೀ ಕೇಂದ್ರವೇ ಸೇರಿಕೊಂಡಿದೆ ಸಾರೇ! ಈಗಿನದು ಸಣ್ಣ ಮೊತ್ತ, ನಾಳೆ ಮಧ್ಯಾಹ್ನ ದೊಡ್ಡ ಮೊತ್ತ ಹಿಡಿದು ನಾನೇ ಬರುತ್ತೇನೆ. ಮೇಡಂ ಕೂಡ ಬರುತ್ತಾರೆ. ಅವರ ಅಪ್ಪ ಅಲ್ಲೇ ಎಣ್ಣೆ ಚಿಕಿತ್ಸೆಗೆ ಇದ್ದಾರಂತೆ. ದಾರಿಯಲ್ಲಿ ಇಂಥ ಬೋರ್ಡು ಬರೆದ ಮಹಾನುಭಾವನನ್ನೊಮ್ಮೆ ನೋಡಬೇಕಂತೆ."

ಒಪ್ಪಿದ ಪಂದ್ಯವನ್ನು ಪುಸ್ತಕದಲ್ಲಿ ಬರೆದು ಅವರು ಫೋನ್ ಇಟ್ಟರು. ನಾಚಿಕೆಯಾಗಬೇಕಿತ್ತು, ಭಯವಾಗಬೇಕಿತ್ತು. ಎರಡೂ ಆಯಿತು. ಆದರೆ ಅವುಗಳಿಗಿಂತ ಮೊದಲು ಆದದ್ದು ಹೆಮ್ಮೆ. ಏಳು ವರ್ಷದ ಇಂದು ಅಡುಗೆಮನೆಯ ನೆಲದಲ್ಲಿ ಕೂತು, ಹುರಿಗಡಲೆಯನ್ನು ಗುಂಪು ಗುಂಪಾಗಿ ಇಟ್ಟು, ಶೇಕಡಾ ಲೆಕ್ಕ ಕಲಿತದ್ದು ಅವರಿಂದಲೇ. ಅಷ್ಟೆಲ್ಲಾ ವರ್ಷ ಅವಳು ಅದನ್ನು ತೊಳೆದು ಹಾಕಿಬಿಟ್ಟಿದ್ದಾಳೆ ಎಂದುಕೊಂಡಿದ್ದರು. ತೊಳೆದಿರಲಿಲ್ಲ.

ಮಂಗಳವಾರ ಬೆಳಗ್ಗೆ ಅವರ ಮುಂದೆ ಎರಡು ದಾರಿ ಇದ್ದವು. ಎಣ್ಣೆ ಚಿಕಿತ್ಸೆಯ ಮನೆ ಪಕ್ಕದ ಬೀದಿಯಲ್ಲೇ ಇತ್ತು, ಮಾಲೀಕ ಅಶ್ರಫ್‌ನ ಗೆಳೆಯ. ಮಧ್ಯಾಹ್ನಕ್ಕೆ ಮೊದಲು ಹೋಗಿ, ಮೈಗೆ ಎಣ್ಣೆ ಬಳಿದುಕೊಂಡು ಮರದ ಹಲಗೆಯ ಮೇಲೆ ಮಲಗಿಬಿಟ್ಟರೆ ಮಗಳು ಬಂದು ಮಂಡಿ ಹೇಗಿದೆ ಅಪ್ಪ ಎನ್ನುತ್ತಾಳೆ, ಮನೆ ಉಳಿಯುತ್ತದೆ. ಆದರೆ ಅಶ್ರಫ್ ಬಂದರಿನಿಂದ ಕೋಣೆಗೆ ಬರುವುದೂ ಅದೇ ಹೊತ್ತಿಗೆ. ವಿನ್ಸೆಂಟ್ ಮೊತ್ತ ಮುಂದಿಡುವ ಮೊದಲು ಅವನಿಗೆ ಬುದ್ಧಿ ಹೇಳಿ ಬೋರ್ಡು ತಿದ್ದದಿದ್ದರೆ, ಆ ಪೆದ್ದ ಇಡೀ ಕೇಂದ್ರದ ಪಂದ್ಯವನ್ನು ನಗುನಗುತ್ತಾ ಕಟ್ಟಿಸಿಕೊಳ್ಳುತ್ತಾನೆ. ಯಾವ ತಂಡ ಗೆದ್ದರೂ ಅವನ ಕೈಯಿಂದಲೇ ದುಡ್ಡು ಹೋಗುತ್ತದೆ.

ಛತ್ರಿ ಹಿಡಿದು ಅವರು ಹೊರಟರು. ಎಣ್ಣೆಮನೆಯ ಬಾಗಿಲವರೆಗೂ ಹೋದರು. ಒಳಗಿನಿಂದ ಬೆಚ್ಚಗಿನ ವಾಸನೆ ಬಂತು, ಯಾರೋ ಹಲಗೆಯ ಮೇಲೆ ನರಳುತ್ತಿದ್ದರು. ಮಳೆ ಎಷ್ಟು ಸಣ್ಣಗೆ ಬೀಳುತ್ತಿತ್ತೆಂದರೆ ಬೀದಿಯೇ ಅರ್ಧ ಅಳಿಸಿಹೋದ ಹಾಗಿತ್ತು. ಮೆಟ್ಟಿಲಿಗೆ ಕಾಲಿಟ್ಟವರಿಗೆ, ಬೋರ್ಡಿನ ಮೇಲೆ ತೊಂಬತ್ತೈದು ಹಾಗೇ ಕೂತಿದೆ ಎಂಬ ನೆನಪು ಹಲ್ಲುನೋವಿನ ಹಾಗೆ ಚುಚ್ಚಿತು. ಮಗಳು ಮನೆಯಿಂದ ಹೊರಗೆ ಹಾಕಿದರೆ ಹಾಕಲಿ. ಆದರೆ ಆ ಮಹಾನುಭಾವ ತನ್ನಪ್ಪನೇ ಎಂದು ಮುಂದೊಂದು ದಿನ ತಿಳಿದು, ಇಂಥ ಬೋರ್ಡು ಬರೆಯುವಷ್ಟು ದಡ್ಡನಾಗಿದ್ದನೇ ಎಂದುಕೊಂಡರೆ? ಅದನ್ನು ತಡೆದುಕೊಳ್ಳಲು ಅವರಿಂದ ಸಾಧ್ಯವಿರಲಿಲ್ಲ. "ಥೂ, ಇದೆಂಥಾ ಹಾಳು ಹೆಮ್ಮೆ" ಎಂದು ತಮ್ಮನ್ನೇ ಬೈದುಕೊಂಡು ತಿರುಗಿ ನಡೆದರು.

ಅಶ್ರಫ್ ಆಗಷ್ಟೇ ಬಂದಿದ್ದ. ಶಂಕರನಾರಾಯಣರು ಛತ್ರಿ ಮಡಚಿಟ್ಟರು. ದಾರಿಯಲ್ಲಿ ಕೊಂಡ ಕಡಲೆಯ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದರು. ಒಂದು ಕಡೆ ಐವತ್ತು, ಎರಡು ಕಡೆ ಇಪ್ಪತ್ತಿಪ್ಪತ್ತು, ಕೊನೆಗೆ ಐದು ಎಣಿಸಿಟ್ಟು, ಅಷ್ಟನ್ನೂ ಬಾಚಿ ಅಶ್ರಫ್‌ನ ಡಬ್ಬಿಗೆ ಹಾಕಿದರು.

"ಎಷ್ಟಾಯ್ತು ನಿನ್ನ ಡಬ್ಬೀಲಿ?"

"ತೊಂಬತ್ತೈದು."

"ಬ್ರೆಜಿಲ್ ಗೆದ್ದಿತು. ಐವತ್ತು ಹಾಕಿದವನಿಗೆ ಅವನ ಐವತ್ತೂ ವಾಪಸು, ಮೇಲೊಂದು ಐವತ್ತು. ಎಣಿಸು."

ಅಶ್ರಫ್ ಎಣಿಸಿದ. ಡಬ್ಬಿ ಖಾಲಿಯಾಯಿತು, ಇನ್ನೂ ಐದು ಬೇಕಾಗಿತ್ತು. "ಅದು ಬ್ರೆಜಿಲ್ ಗೆದ್ದದ್ದಕ್ಕೆ ಸಾರ್, ಖುಷಿಯಿಂದ ಕೊಡುವ."

"ಆಯ್ತು, ಕ್ರೊಯೇಷಿಯಾ ಗೆಲ್ತು ಅನ್ನು. ಐದು ಕಾಳಿಗೆ ಹತ್ತೊಂಬತ್ತರಂತೆ ತೊಂಬತ್ತೈದು, ಅವನ ಐದೂ ಸೇರಿ?"

"ನೂರು." ಅಶ್ರಫ್‌ನ ನಗು ನಿಂತಿತು. ತಾನೇ ಫ್ರಾನ್ಸ್ ಎಣಿಸಿದ, ಹಾಲೆಂಡ್ ಎಣಿಸಿದ. ಇಪ್ಪತ್ತಕ್ಕೆ ಎಂಬತ್ತು, ಮೇಲೆ ಇಪ್ಪತ್ತು. ಪ್ರತಿ ಸಲವೂ ನೂರು, ಪ್ರತಿ ಸಲವೂ ಐದು ಕಾಳು ಸಾಲದು. "ಪಡಚ್ಚೋನೇ, ದೇವರೇ! ಯಾರು ಗೆದ್ರೂ ನನ್ನ ಕೈಯಿಂದಲೇ ಹೋಗುದಾ? ಮೊದಲೇ ಹೀಗೆ ಹೇಳ್ಬಾರ್ದಿತ್ತಾ ಮಾರಾಯ್ರೆ?"

"ನಿನಗೆ ಬೈಯೋದಿದ್ರೆ ಬಾಯಲ್ಲಿ ಬೈಯಿ. ರೇಟಲ್ಲಿ ಬೈಬೇಡ."

"ನಿನ್ನೆ ಫೋನಲ್ಲಿ ತಗೊಂಡದ್ದು ಪುಸ್ತಕದಲ್ಲಿ ಉಂಟಲ್ಲ, ಅದು?"

"ಅದು ಹಳೇ ರೇಟಿಗೇ ಸಲ್ಲಬೇಕು. ಒಪ್ಪಿದ್ದು ಒಪ್ಪಿದ್ದೇ. ಇನ್ನು ಬರೋದಕ್ಕೆ ಹೊಸ ರೇಟು."

ಅಶ್ರಫ್ ಒದ್ದೆ ಬಟ್ಟೆ ತಂದುಕೊಟ್ಟ. ಶಂಕರನಾರಾಯಣರು ಬೋರ್ಡಿನ ಎದುರು ನಿಂತರು. ಹೊರಗೆ ಆಟೋ ನಿಂತ ಸದ್ದು ಕೇಳಿಸಿತು. ವಿನ್ಸೆಂಟ್‌ನ ದನಿ ಕೇಳಿಸಿತು, ಅದರ ಹಿಂದೆ ಅವರಿಗೆ ಚೆನ್ನಾಗಿ ಗೊತ್ತಿದ್ದ ಚಪ್ಪಲಿಯ ಸದ್ದು. ಹಿಂದಿನ ಬಾಗಿಲಿತ್ತು, ಈಗಲೂ ಓಡಬಹುದಿತ್ತು. ಅವರು ತಿರುಗಲಿಲ್ಲ. ಫ್ರಾನ್ಸ್‌ನ ಮುಂದೆ ಮೂರು ಬರೆದರು, ಹಾಲೆಂಡಿನ ಮುಂದೆ ಮೂರು, ಕ್ರೊಯೇಷಿಯಾದ ಮುಂದೆ ಒಂಬತ್ತು. ಅಭ್ಯಾಸ ಬಿಡುತ್ತದೆಯೇ, ಬಾಯಿ ತಾನಾಗಿ ಕೂಡಿಸಿತು.

"ಐವತ್ತು. ಎಪ್ಪತ್ತೈದು. ನೂರು..."

"ನೂರ ಹತ್ತು" ಎಂದಿತು ಬಾಗಿಲಿನಿಂದ ಹೆಣ್ಣು ದನಿ.

ತಿರುಗಿದರು. ಇಂದುಮತಿ ಹೊಸಿಲಿನಲ್ಲಿ ನಿಂತಿದ್ದಳು. ಮಳೆಹನಿ ಅವಳ ಕನ್ನಡಕದ ಮೇಲೆ, ಕೂದಲಿನ ಮೇಲೆ. ಮುಖದಲ್ಲಿ ಏನಿದೆ ಎಂದು ಓದಲು ಅವರಿಗೆ ಆಗಲಿಲ್ಲ. ಅಶ್ರಫ್ ಇಬ್ಬರನ್ನೂ ನೋಡಿ, ಏನೋ ಹೊಳೆದವನಂತೆ ವಿನ್ಸೆಂಟ್‌ನನ್ನು ಚಹಾಕ್ಕೆಂದು ಹೊರಗೆ ಎಳೆದುಕೊಂಡು ಹೋದ.

"ಇಂದು, ಆ ತೊಂಬತ್ತೈದು ನಂದಲ್ಲ" ಎಂದರು ಶಂಕರನಾರಾಯಣರು. ಹೇಳಬೇಕಾಗಿದ್ದ ನೂರು ಮಾತಿನಲ್ಲಿ ಬಾಯಿಗೆ ಬಂದದ್ದು ಅದೊಂದೇ.

"ಮಂಡಿಗೆ ಎಣ್ಣೆ ಹಾಕಿಸ್ಕೊತೀನಿ ಅಂತ ಹೇಳಿ ಬಂದ್ರಲ್ಲಪ್ಪ. ನಾನು ದಿನಾ ಸಂಜೆ ನಿಮ್ಮ ಮಂಡಿ ಬಗ್ಗೆ ಯೋಚನೆ ಮಾಡ್ತಿದ್ದೆ." ಅವಳು ಬೋರ್ಡಿನ ಕಡೆ ಬೆರಳು ತೋರಿಸಿದಳು. "ಸೀಮೆಸುಣ್ಣ ಹಿಡಿದಿದ್ದಕ್ಕಲ್ಲ, ಅದಕ್ಕೆ ಹೊಟ್ಟೆ ಉರೀತಿದೆ ನನಗೆ."

"ತಪ್ಪಾಯ್ತಮ್ಮ. ನನ್ನ ಬಟ್ಟೆಬರೆ ಕಳಿಸಿಕೊಡು ಸಾಕು. ಅಶ್ರಫ್ ಇಲ್ಲೇ ಎಲ್ಲಾದ್ರೂ ಒಂದು ರೂಮು..."

"ಸುಮ್ನಿರಿ."

ಅವಳು ಒಳಗೆ ಬಂದು, ಮೇಜಿನ ಮೇಲಿದ್ದ ಕಡಲೆಯನ್ನೂ ಬೋರ್ಡನ್ನೂ ನೋಡಿದಳು. ಕನ್ನಡಕ ತೆಗೆದು ಸೀರೆಯಂಚಿನಲ್ಲಿ ಒರೆಸಿದಳು. ಅದನ್ನು ಒರೆಸಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನಿನ್ನೆ ಕ್ಯಾಂಟೀನಲ್ಲಿ ಲೆಕ್ಕ ಹೇಳಿದ್ನಲ್ಲ, ಎಲ್ಲರೂ ಸುತ್ತ ನಿಂತು ಕೇಳಿದ್ರು. ಊಟದ ತಟ್ಟೆ ಮುಂದೆ ಕೂತು ಬಾಯಲ್ಲೇ ಹೇಗೆ ಕೂಡಿಸಿದ್ರಿ ಮೇಡಂ, ಎಲ್ಲಿ ಕಲಿತ್ರಿ ಅಂತ. ನಮ್ಮ ಡಿವಿಷನ್ ಹೆಡ್ ಕೂಡ ಇದ್ರು."

"ಏನಂದೆ?"

"ನಮ್ಮಪ್ಪ ಬೆಂಗಳೂರು ರೇಸ್ ಕೋರ್ಸಲ್ಲಿ ಬುಕ್ಕಿ ಹತ್ರ ಬೋರ್ಡು ಬರೀತಿದ್ರು, ಅವರೇ ಕಲಿಸಿದ್ದು ಅಂದೆ. ಯೋಚನೆ ಮಾಡಿ ಹೇಳಲಿಲ್ಲಪ್ಪ, ಬಾಯಿಂದ ಬಂದುಬಿಡ್ತು. ಯಾರೂ ಏನೂ ಅನ್ನಲಿಲ್ಲ. ನನಗೇ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಬೆಳಗ್ಗೆ ರೈಲು ಹತ್ತಿದ್ದು ಆ ಬೋರ್ಡು ನೋಡೋಕಲ್ಲ, ನಿಮಗೆ ಈ ಮಾತು ಹೇಳೋಕೆ."

ಶಂಕರನಾರಾಯಣರು ಸೀಮೆಸುಣ್ಣ ಕೆಳಗಿಟ್ಟರು. ಕುರ್ಚಿಯಲ್ಲಿ ಕೂತುಬಿಟ್ಟರು. ಕಿಟಕಿಯಾಚೆ ಮಳೆ ನಿಂತಿತ್ತೋ ಸುರಿಯುತ್ತಿತ್ತೋ, ಬಲೆಗಳು ಇಳಿಯುತ್ತಿದ್ದವೋ ಏಳುತ್ತಿದ್ದವೋ, ಒಂದೂ ಕಾಣಲಿಲ್ಲ. ಮುದುಕ ಮಗುವಿನ ಹಾಗೆ ಅಳುತ್ತಿದ್ದ. ಇಂದುಮತಿ ಪಕ್ಕದಲ್ಲಿ ನಿಂತು, ಭುಜದ ಮೇಲೆ ಕೈ ಇಟ್ಟಳು.

ಅಷ್ಟು ಹೊತ್ತಿಗೆ ವಿನ್ಸೆಂಟ್ ಒಳಗೆ ಇಣುಕಿ, ಬೋರ್ಡು ನೋಡಿ ಹೌಹಾರಿದ. "ಮೇಡಂ, ರೇಟು ಬದಲಾಗಿದೆ! ಈಗ ಹಾಕುವುದಾ, ಬೇಡವಾ?"

"ಬೇಡ ವಿನ್ಸೆಂಟ್, ವಾಪಸು ತಗೊಂಡು ಹೋಗು. ಈ ಬೋರ್ಡಿನ ಎದುರು ನಾಲ್ಕಕ್ಕೂ ಹಾಕಿದ್ರೆ ಸೋಲೋರು ನಾವೇ." ಅವಳು ಮಲಯಾಳದಲ್ಲಿ ಹೇಳಿ, ಅಪ್ಪನ ಕಡೆ ಬಗ್ಗಿ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು. "ಫೈನಲ್ ಯಾವತ್ತು?"

"ಬರೋ ಭಾನುವಾರ."

"ಮುಗಿಸ್ಕೊಂಡು ಸೋಮವಾರ ಮನೆಗೆ ಬನ್ನಿ. ಸ್ಟೇಷನ್ನಿಗೆ ನಾನೇ ಬರ್ತೀನಿ."

ಅವರು ತಲೆಯಾಡಿಸಿ, ಭುಜದ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡರು.